ಸಂಬಳ ಬಾರದ ತಿಂಗಳುಗಳಿಗೂ ಒಂದು ಸಾಲು ಬರೆಯಿರಿ

ಪೀತಮ್‌ಪುರದಲ್ಲಿ ಮನೆ ಮಾಡಿಕೊಂಡು ನೇತಾಜಿ ಸುಭಾಷ್ ಪ್ಲೇಸ್‌ನಲ್ಲೋ ಗುರುಗ್ರಾಮದಲ್ಲೋ ಕೆಲಸ ಹುಡುಕುವ ಕನ್ನಡಿಗರು ಸಂದರ್ಶನ ಮುಗಿಸಿದ ಮೇಲೆ ಎಡವುವುದು ಒಂದೇ ಕಡೆ: ಅರ್ಜಿಯ ಉದ್ಯೋಗ ಇತಿಹಾಸದ ಪುಟದಲ್ಲಿ. ಕಂಪನಿಯ ಹೆಸರು, ಸೇರಿದ ದಿನ, ಬಿಟ್ಟ ದಿನ, ಕೊನೆಯ ಸಂಬಳ, ಮೇಲಧಿಕಾರಿಯ ಹೆಸರು ಇವಿಷ್ಟನ್ನೂ ತುಂಬದೆ ಮುಂದಿನ ಪುಟ ತೆರೆಯುವುದಿಲ್ಲ. ಗಂಡನ ವರ್ಗಾವಣೆಯಿಂದ ದೆಹಲಿಗೆ ಬಂದವರ, ಅಪ್ಪನ ಅಂಗಡಿ ನೋಡಿಕೊಳ್ಳಲು ಊರಿಗೆ ಹೋಗಿ ಬಂದವರ, ಮನೆಯಲ್ಲೇ ಕೂತು ಬಿಡಿ ಕೆಲಸ ಮಾಡಿದವರ ಬದುಕು ಈ ಚೌಕಗಳಲ್ಲಿ ಕೂರುವುದಿಲ್ಲ. ಕೂರಿಸಲು ಹೋಗಿ ದಿನಾಂಕ ಎಳೆದವರು ಕೈಗೆ ಬಂದ ಕೆಲಸ ಕಳೆದುಕೊಳ್ಳುತ್ತಾರೆ.

ಪರಿಶೀಲನೆ ಮಾಡುವವರು ನಿಮ್ಮ ಯೋಗ್ಯತೆಯನ್ನು ಅಳೆಯುವುದಿಲ್ಲ, ಅದು ಸಂದರ್ಶನದಲ್ಲಿ ಮುಗಿದಿರುತ್ತದೆ. ಅವರು ನೋಡುವುದು ನೀವು ಬರೆದದ್ದಕ್ಕೂ ದಾಖಲೆಗೂ ತಾಳೆ ಇದೆಯೇ ಎಂಬುದನ್ನು. ತಾಳೆಯಾದರೆ ವರದಿಯಲ್ಲಿ ಹಸಿರು, ಸ್ವಲ್ಪ ವ್ಯತ್ಯಾಸವಿದ್ದರೆ ಅಥವಾ ಖಚಿತಪಡಿಸಲು ಆಗದಿದ್ದರೆ ಹಳದಿ, ಸುಳ್ಳೆಂದು ತೋರಿದರೆ ಕೆಂಪು. ಹೆಚ್ಚಿನ ಏಜೆನ್ಸಿಗಳ ರೂಢಿ ಇದು. ಬಿಡುವಿನ ಅವಧಿಗೆ ಕೆಂಪು ಬೀಳುವುದಿಲ್ಲ, ಬಿಡುವನ್ನು ಮುಚ್ಚಲು ಬರೆದ ಸಾಲಿಗೆ ಬೀಳುತ್ತದೆ.

ಒಂದು ಮಾದರಿ ನೋಡೋಣ. ಶಿವಮೊಗ್ಗದ ಒಬ್ಬ ಬಿ.ಕಾಂ. ಪದವೀಧರೆ 2014ರ ಜೂನ್‌ನಿಂದ 2017ರ ಆಗಸ್ಟ್‌ವರೆಗೆ ಬೆಂಗಳೂರಿನ ಕಂಪನಿಯೊಂದರ ಲೆಕ್ಕಪತ್ರ ವಿಭಾಗದಲ್ಲಿದ್ದರು. ಮದುವೆಯಾಗಿ ಪೀತಮ್‌ಪುರಕ್ಕೆ ಬಂದರು, ಮಗುವಾಯಿತು, 2019ರ ಕೊನೆಯವರೆಗೆ ಕೆಲಸವಿಲ್ಲ. 2020ರ ಜನವರಿಯಲ್ಲಿ ತಂದೆಗೆ ಹುಷಾರಿಲ್ಲದೆ ಊರಿಗೆ ಹೋಗಿ 2021ರ ಜೂನ್‌ವರೆಗೆ ಅವರ ಅಡಿಕೆ ಮಂಡಿಯ ಲೆಕ್ಕ ನೋಡಿಕೊಂಡರು. ಸಂಬಳ ಪಡೆಯಲಿಲ್ಲ. ಮತ್ತೆ ದೆಹಲಿಗೆ ಬಂದು 2021ರ ಜುಲೈನಿಂದ 2024ರ ಮಾರ್ಚ್‌ವರೆಗೆ ಮೂರು ಸಣ್ಣ ಸಂಸ್ಥೆಗಳ ಲೆಕ್ಕವನ್ನು ಮನೆಯಿಂದಲೇ ಬರೆದರು. ಈಗ ಕಾಯಂ ಕೆಲಸಕ್ಕೆ ಅರ್ಜಿ ಹಾಕುತ್ತಿದ್ದಾರೆ.

ಹಿತೈಷಿಗಳ ಮೊದಲ ಸಲಹೆ, ಬೆಂಗಳೂರಿನ ಕೆಲಸವನ್ನು 2019ರವರೆಗೆ ಎಳೆದುಬಿಡು ಎಂಬುದು. ಇದು ನಿಲ್ಲುವುದಿಲ್ಲ. ಭವಿಷ್ಯನಿಧಿಯ ಯುಎಎನ್ ಖಾತೆಯ Service History ಪುಟದಲ್ಲಿ ಪ್ರತಿ ಕಂಪನಿಗೂ ಸೇರಿದ ದಿನ, ಬಿಟ್ಟ ದಿನ ಎರಡೂ ಇರುತ್ತವೆ. ಅರ್ಜಿ ತುಂಬುವ ಮೊದಲು ಆ ಪುಟವನ್ನು ನೀವೇ ತೆರೆದು ನೋಡಿ. ಕೆಲವರಿಗೆ ಅಲ್ಲಿ ಬಿಟ್ಟ ದಿನವೇ ಇರುವುದಿಲ್ಲ, ಅಂದರೆ ನೀವಿನ್ನೂ ಹಳೆಯ ಕಂಪನಿಯಲ್ಲೇ ಇದ್ದೀರಿ ಎಂದು ದಾಖಲೆ ಹೇಳುತ್ತದೆ. ನಂತರದ ಪ್ರತಿ ಸಾಲೂ ಅದರ ಮೇಲೆ ಹೊರಳುತ್ತದೆ. ಕೊನೆಯ ವಂತಿಗೆಯಾಗಿ ಎರಡು ತಿಂಗಳು ಕಳೆದಿದ್ದರೆ Mark Exit ಮೂಲಕ ಸದಸ್ಯರೇ ಅದನ್ನು ತುಂಬಬಹುದು. ರಿಲೀವಿಂಗ್ ಲೆಟರ್‌ನಲ್ಲಿರುವ ದಿನಾಂಕವನ್ನೇ ಹಾಕಿ, ಅರ್ಜಿಯಲ್ಲೂ ಅದನ್ನೇ ಬರೆಯಿರಿ.

ಎರಡನೆಯದು ಮನೆಯಲ್ಲಿದ್ದ 28 ತಿಂಗಳು. ಇದಕ್ಕೆ ಒಂದೇ ಸಾಲು ಸಾಕು: '2017 ಸೆಪ್ಟೆಂಬರ್–2019 ಡಿಸೆಂಬರ್, ದೆಹಲಿಗೆ ಸ್ಥಳಾಂತರ, ಮಗುವಿನ ಪಾಲನೆ, ಉದ್ಯೋಗದಲ್ಲಿರಲಿಲ್ಲ.' ವಿವರಣೆ ಉದ್ದವಾದಷ್ಟೂ ಪ್ರಶ್ನೆ ಹೆಚ್ಚು.

ಮೂರನೆಯದು ಮಂಡಿ, ಕಷ್ಟದ ಸಾಲು ಇದೇ. ನಮ್ಮವರು ಇಲ್ಲಿ ಎರಡು ತುದಿಗೆ ಹೋಗುತ್ತಾರೆ. ಒಂದೋ, ಅದು ಕೆಲಸವೇ ಅಲ್ಲವೆಂದು ಬಿಡುತ್ತಾರೆ. ಇಲ್ಲವೇ, ಅಪ್ಪನಿಂದ ತಿಂಗಳಿಗೆ ಇಷ್ಟು ಸಂಬಳವೆಂದು ಲೆಟರ್‌ಹೆಡ್‌ನಲ್ಲಿ ಬರೆಸಿಕೊಳ್ಳುತ್ತಾರೆ. ಮೊದಲನೆಯದು ನಿಮಗೆ ನೀವೇ ಮಾಡಿಕೊಳ್ಳುವ ಅನ್ಯಾಯ. ಕೇಂದ್ರ ಸರ್ಕಾರದ ಕಾರ್ಮಿಕ ಸಮೀಕ್ಷೆಯೇ ಸಂಬಳವಿಲ್ಲದೆ ಮನೆಯ ಉದ್ಯಮದಲ್ಲಿ ದುಡಿಯುವವರನ್ನು ಉದ್ಯೋಗಸ್ಥರ ಸಾಲಿನಲ್ಲಿ ಎಣಿಸುತ್ತದೆ. ಅವರಿಗೆ 21 ಎಂಬ ಸಂಕೇತವಿದೆ. ಮನೆಗೆಲಸ ಮಾತ್ರ ಮಾಡುವವರಿಗೆ 92. ಸರ್ಕಾರ ಬೇರೆಯಾಗಿ ಕಾಣುವುದನ್ನು ನಾವೇಕೆ ಒಂದಾಗಿಸಬೇಕು? ಎರಡನೆಯದು ಸುಳ್ಳು ದಾಖಲೆ. ಸಂಬಳ ಎಂದೊಡನೆ ಬ್ಯಾಂಕ್ ಸ್ಟೇಟ್‌ಮೆಂಟ್ ಕೇಳುತ್ತಾರೆ. ಆ ಹಣ ನಿಮ್ಮ ಖಾತೆಯಲ್ಲೂ ಇಲ್ಲ, ಮಂಡಿಯ ಖರ್ಚಿನಲ್ಲೂ ಇಲ್ಲ.

ಸರಿಯಾದ ಸಾಲು ಹೀಗಿರಲಿ: ಸಂಸ್ಥೆ, ಮಂಡಿಯ ನೋಂದಾಯಿತ ಹೆಸರು, ಹುದ್ದೆ, ಲೆಕ್ಕಪತ್ರ ನಿರ್ವಹಣೆ, ಕುಟುಂಬದ ವ್ಯವಹಾರ, ವೇತನರಹಿತ, ಕೊನೆಯ ಸಂಬಳ, 0. ಹುದ್ದೆಗೆ 'ಮ್ಯಾನೇಜರ್', 'ಡೈರೆಕ್ಟರ್' ಎಂದು ಬರೆಯಬೇಡಿ, ಮಾಡಿದ ಕೆಲಸದ ಹೆಸರು ಬರೆಯಿರಿ. ಮೇಲಧಿಕಾರಿಯ ಚೌಕದಲ್ಲಿ ತಂದೆಯ ಹೆಸರಿದ್ದರೆ ಪಕ್ಕದಲ್ಲೇ 'ತಂದೆ' ಎಂದೂ ಇರಲಿ. ವಿಚಾರಿಸಲು ಮಾತ್ರ ಮನೆಯವರಲ್ಲದ ಒಬ್ಬರು ಬೇಕು. ಮಂಡಿಯ ಲೆಕ್ಕ ನೋಡುವ ಆಡಿಟರ್‌ಗಿಂತ ಸೂಕ್ತರು ಸಿಗಲಾರರು. ಎಪಿಎಂಸಿ ಲೈಸೆನ್ಸ್, ಜಿಎಸ್‌ಟಿ ನೋಂದಣಿ ಇವೆಲ್ಲ ಮಂಡಿ ಇತ್ತೆಂದು ತೋರಿಸುತ್ತವೆಯೇ ಹೊರತು ನೀವು ಅಲ್ಲಿದ್ದಿರಿ ಎಂದಲ್ಲ. ನೀವಿದ್ದುದಕ್ಕೆ ಸಾಕ್ಷಿ ಆಡಿಟರ್‌ಗೆ ನಿಮ್ಮ ಇಮೇಲ್‌ನಿಂದ ಹೋದ ಲೆಕ್ಕ, ಬ್ಯಾಂಕಿಗೆ ಕೊಟ್ಟ ಅಧಿಕಾರ ಪತ್ರ, ನೀವು ಸಹಿ ಮಾಡಿದ ಬಿಲ್ಲು. ಇಷ್ಟಾದರೂ ಏಜೆನ್ಸಿ ಖಚಿತಪಡಿಸಲಾಗಲಿಲ್ಲವೆಂದು ಹಳದಿ ಹಾಕಬಹುದು. ಅದಕ್ಕೆ ಹೆದರಬೇಕಿಲ್ಲ, ಎಚ್‌ಆರ್ ಕೇಳಿದಾಗ ಇವೇ ಕಾಗದಗಳು ಉತ್ತರವಾಗುತ್ತವೆ.

ನಾಲ್ಕನೆಯದು ಬಿಡಿ ಕೆಲಸ. ಇಲ್ಲಿನ ಸಾಮಾನ್ಯ ತಪ್ಪು, ಗಿರಾಕಿ ಸಂಸ್ಥೆಯನ್ನೇ ಉದ್ಯೋಗದಾತರ ಚೌಕದಲ್ಲಿ ಬರೆಯುವುದು. ಏಜೆನ್ಸಿ ಅಲ್ಲಿಗೆ ಫೋನ್ ಮಾಡಿದರೆ ಅವರ ಸಿಬ್ಬಂದಿ ಪಟ್ಟಿಯಲ್ಲಿ ನಿಮ್ಮ ಹೆಸರಿಲ್ಲ. ಕೆಲಸ ನಿಜ, ಆದರೂ ಕೆಂಪು. ಉದ್ಯೋಗದಾತ ಎಂಬಲ್ಲಿ 'ಸ್ವಯಂ ಉದ್ಯೋಗ' ಎಂದು ಬರೆದು, ಮೂರು ಗಿರಾಕಿಗಳ ಹೆಸರನ್ನು ಅವರ ಒಪ್ಪಿಗೆ ಪಡೆದು ಕೆಲಸದ ವಿವರದಲ್ಲಿ ಕೊಡಿ. ತಿಂಗಳ ಸಂಬಳ ಕೇಳಿದರೆ ವರ್ಷದ ಬಿಲ್ಲಿನ ಮೊತ್ತವನ್ನು ಹನ್ನೆರಡರಿಂದ ಭಾಗಿಸಿ, 'ಸರಾಸರಿ' ಎಂದು ನಮೂದಿಸಿ. ಪುರಾವೆ ನಿಮ್ಮ 26ಎಎಸ್‌ನಲ್ಲೇ ಇದೆ: ವೃತ್ತಿ ಶುಲ್ಕವೆಂದು ತೆರಿಗೆ ಹಿಡಿದಿದ್ದರೆ ಆ ವರ್ಷಗಳ ಹಾಳೆಯಲ್ಲಿ ಗಿರಾಕಿಯ ಹೆಸರಿನ ಮುಂದೆ 194J ಎಂದಿರುತ್ತದೆ, ಸಂಬಳವಾದರೆ 192. ವರ್ಷದ ಶುಲ್ಕ ತೆರಿಗೆ ಹಿಡಿಯುವ ಮಿತಿಗಿಂತ ಕಡಿಮೆಯಿದ್ದರೆ ಅಲ್ಲಿ ಏನೂ ಕಾಣದು, ಆಗ ಬಿಲ್ಲು ಮತ್ತು ಬ್ಯಾಂಕ್ ಜಮೆಯನ್ನು ಜೋಡಿಸಿ ಇಡಬೇಕು. ಸುಲಭವೆಂದು ಈ ಆದಾಯವನ್ನು 'ಇತರ ಮೂಲ' ಎಂದು ತೋರಿಸಿ ರಿಟರ್ನ್ ಸಲ್ಲಿಸಿದವರಿಗೆ ಈಗ ತೊಡಕಾಗುತ್ತದೆ, ವೃತ್ತಿಯೆಂದು ಹೇಳುವ ಅರ್ಜಿಗೂ ರಿಟರ್ನ್‌ಗೂ ತಾಳೆಯಿರುವುದಿಲ್ಲ.

ಕೊನೆಗೆ ಒಟ್ಟು ಅನುಭವ ಎಷ್ಟು? ಬೆಂಗಳೂರಿನ 39 ತಿಂಗಳು, ಬಿಡಿ ಕೆಲಸದ 33 ತಿಂಗಳು, ಸೇರಿ 6 ವರ್ಷ. ಮಂಡಿಯ 18 ತಿಂಗಳನ್ನು ಇದರಲ್ಲಿ ಬೆರೆಸದೆ, 'ಹೆಚ್ಚುವರಿಯಾಗಿ ಕುಟುಂಬದ ವ್ಯವಹಾರದಲ್ಲಿ 18 ತಿಂಗಳು' ಎಂದು ಪ್ರತ್ಯೇಕವಾಗಿ ಬರೆಯಿರಿ. ಎಣಿಸುವುದು ಬಿಡುವುದು ಕಂಪನಿಗೆ ಸೇರಿದ್ದು. ಉದ್ಯೋಗದಾತರ ಅನುಭವ ಪತ್ರ ಕೇಳುವ ಸರ್ಕಾರಿ ಹುದ್ದೆಗಳಲ್ಲಿ ಅದಕ್ಕೆ ಬೆಲೆ ಸಿಗುವುದು ಕಷ್ಟ, ಅಧಿಸೂಚನೆಯ ಮಾತನ್ನು ಅಕ್ಷರಶಃ ಓದಿ.

ಅರ್ಜಿಯ ಕೆಳಗಿನ ಘೋಷಣೆಯನ್ನೂ ಓದಿಯೇ ಸಹಿ ಮಾಡಿ. ಮಾಹಿತಿ ಸುಳ್ಳೆಂದು ಮುಂದೆ ಯಾವಾಗ ಗೊತ್ತಾದರೂ ಕೆಲಸದಿಂದ ತೆಗೆಯಬಹುದು ಎಂಬ ಮಾತು ಸಾಮಾನ್ಯವಾಗಿ ಅಲ್ಲಿರುತ್ತದೆ. ಮಾದರಿಯ ಆ ಮಹಿಳೆಯ ಅರ್ಜಿಯಲ್ಲಿ ಈಗ ನಾಲ್ಕು ಸಾಲುಗಳಿವೆ, 118 ತಿಂಗಳಲ್ಲಿ ಒಂದೂ ಬಿಟ್ಟುಹೋಗಿಲ್ಲ, ಯಾವುದೂ ಎರಡು ಸಲ ಬಂದಿಲ್ಲ. ಪರಿಶೀಲಿಸುವವರಿಗೆ ಬೇಕಾದದ್ದು ಅಷ್ಟೇ.