ಗುಳ್ಳಕಾಯಜ್ಜಿಯ ಹಾಲು ಮತ್ತು ಪ್ರವಚನಕಾರನ ಸತ್ಯವ್ರತ

ದಶಲಕ್ಷಣ ಪರ್ವದ ಎರಡನೆಯ ದಿನ ಉತ್ತಮ ಮಾರ್ದವದ ದಿನ. ಅಂದು ಸಂಜೆ ಬಸದಿಯ ಪ್ರವಚನದಲ್ಲಿ ಗುಳ್ಳಕಾಯಜ್ಜಿಯ ಕಥೆ ಬಾರದೆ ಇರುವುದು ಅಪರೂಪ. ಮಾನಕಷಾಯವನ್ನು ಕುರಿತು ಹೇಳಲು ಕನ್ನಡ ನಾಡಿನ ಶ್ರಾವಕರಿಗೆ ಅದಕ್ಕಿಂತ ಹತ್ತಿರದ ಕಥೆ ಇನ್ನೊಂದಿಲ್ಲ. ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯನಿಗೆ ಹೆಮ್ಮೆ ಮೂಡಿತು. ಕೊಡಗಟ್ಟಲೆ ಹಾಲೆರೆದರೂ ಅಭಿಷೇಕ ಮೂರ್ತಿಯ ಪಾದವನ್ನು ಮುಟ್ಟಲಿಲ್ಲ. ಬಡ ಅಜ್ಜಿಯೊಬ್ಬಳು ಗುಳ್ಳಕಾಯಿಯ ಓಡಿನಲ್ಲಿ ತಂದ ತುಸು ಹಾಲು ನೆತ್ತಿಯಿಂದ ಪಾದದವರೆಗೂ ಇಳಿಯಿತು. ಬೆಟ್ಟವನ್ನೂ ಇಳಿದು ಹರಿಯಿತು.

ಇಂತಹ ಒಂದು ಸಂಜೆ ಕಥೆ ಮುಗಿದ ಮೇಲೆ ಹಿಂದಿನ ಸಾಲಿನಿಂದ ಕಾಲೇಜಿನ ಹುಡುಗನೊಬ್ಬ ಎದ್ದು ನಿಂತು, “ಪಂಡಿತರೇ, ಇದು ನಿಜವಾಗಿ ನಡೆದದ್ದೇ?” ಎಂದು ಕೇಳಿದನು. ಪ್ರಶ್ನೆಯಲ್ಲಿ ಉದ್ಧಟತನವಿರಲಿಲ್ಲ. ಪಂಡಿತರು ಮಾತ್ರ ತುಸು ಕೆರಳಿದರು. “ಶಾಸನದಲ್ಲೇ ಕೆತ್ತಿದೆ, ಹೋಗಿ ನೋಡು. ಬೆಳ್ಗೊಳ ಎಂಬ ಹೆಸರು ಬಂದದ್ದೇ ಆ ಹಾಲಿನಿಂದ” ಎಂದರು. ಹುಡುಗ ಕುಳಿತನು. ಆದರೆ ಅವನ ಸಂದೇಹ ಅವನೊಡನೆ ಕುಳಿತುಕೊಳ್ಳಲಿಲ್ಲ. ಉತ್ತಮ ಸತ್ಯದ ದಿನ ಬರಲು ಇನ್ನೂ ಸಮಯವಿತ್ತು ಎಂಬುದಷ್ಟೇ ಸಮಾಧಾನ.

ಪಂಡಿತರ ಎರಡು ಮಾತುಗಳೂ ನಿಲ್ಲುವಂಥವಲ್ಲ. ಗೊಮ್ಮಟನ ಪಾದದ ಬಳಿಯ ಶಾಸನಗಳು ಮೂರ್ತಿಯನ್ನು ಚಾವುಂಡರಾಯ ಮಾಡಿಸಿದನೆಂದು ಹೇಳುತ್ತವೆ. ಅಜ್ಜಿಯ ಮಾತು ಅಲ್ಲಿಲ್ಲ. ಸುಮಾರು 1180ರ ಬೊಪ್ಪಣ ಪಂಡಿತನ ಶಾಸನ ಗೊಮ್ಮಟನನ್ನು ಮನದಣಿಯೆ ಸ್ತುತಿಸುವ ಕಾವ್ಯವೇ ಆಗಿದೆ. ಪೌದನಪುರದಲ್ಲಿ ಭರತನು ಮಾಡಿಸಿದ ಮೂರ್ತಿಯನ್ನೂ ಅದನ್ನು ಮುತ್ತಿದ ಕುಕ್ಕುಟಸರ್ಪಗಳನ್ನೂ ಬೊಪ್ಪಣನು ಹೇಳುತ್ತಾನೆ, ಅಜ್ಜಿಯನ್ನು ಹೇಳುವುದಿಲ್ಲ. ಅವಳು ನಮಗೆ ದೊರೆಯುವುದು ಶತಮಾನಗಳ ಅನಂತರದ ಚರಿತೆಗಳಲ್ಲಿ, ಸ್ಥಳಪುರಾಣದಲ್ಲಿ ಮತ್ತು ಜನರ ಬಾಯಲ್ಲಿ. ಇನ್ನು ಬೆಳ್ಗೊಳ ಎಂಬ ಹೆಸರು ಗೊಮ್ಮಟ ಮೂರ್ತಿಗಿಂತ ಹಳೆಯದಾದ ಶಾಸನಗಳಲ್ಲಿಯೇ ಇದೆ. ಮೂರ್ತಿ ನಿಂತದ್ದು ಹತ್ತನೆಯ ಶತಮಾನದ ಕೊನೆಯಲ್ಲಿ, 981ರ ಸುಮಾರಿಗೆ. ಹೆಸರು ಅದಕ್ಕೂ ಮೊದಲೇ ಇದ್ದಿತು. ಹಾಲು ಹರಿದು ಕೊಳವಾಗಿ ಊರಿಗೆ ಹೆಸರಾಯಿತು ಎಂದು ಭಕ್ತಿ ಹೇಳಬಹುದು. ಅದನ್ನು ಪುರಾವೆಯೆಂದು ಮುಂದಿಡಬಾರದು. ಗ್ರಂಥಾಲಯಕ್ಕೆ ಹೋಗಿ ಶಾಸನ ಸಂಪುಟವನ್ನು ತೆರೆದ ದಿನ ಆ ಹುಡುಗ ಕಳೆದುಕೊಳ್ಳುವುದು ಅಜ್ಜಿಯನ್ನು ಮಾತ್ರವಲ್ಲ, ಪಂಡಿತರು ಹೇಳಿದ ಉಳಿದುದೆಲ್ಲವನ್ನೂ.

ಸತ್ಯಾಣುವ್ರತದ ಅತಿಚಾರಗಳನ್ನು ಎಣಿಸುವಾಗ ತತ್ತ್ವಾರ್ಥಸೂತ್ರವು ಮಿಥ್ಯೋಪದೇಶವನ್ನು ಮೊದಲು ಇರಿಸಿದೆ. ಕೂಟಲೇಖಕ್ರಿಯೆಯೂ ಆ ಪಟ್ಟಿಯಲ್ಲಿದೆ. ಕೂಟಲೇಖವೆಂದರೆ ಸುಳ್ಳು ಪತ್ರ ಬರೆಯುವುದು. ಇಲ್ಲದ ಶಾಸನವನ್ನು ಸಭೆಯಲ್ಲಿ ಇದೆಯೆನ್ನುವುದು ಅದರ ನೆರೆಯಲ್ಲೇ ಇರುವ ದೋಷ. ಧರ್ಮಪ್ರಭಾವನೆಗಾಗಿ ಮಾಡಿದೆನೆಂದರೆ ಅತಿಚಾರ ಅಳಿಸಿಹೋಗದು.

ಇದನ್ನು ಕಂಡು ಬೇಸತ್ತ ಇನ್ನೊಂದು ಬಗೆಯ ಉಪನ್ಯಾಸಕರೂ ಉಂಟು. 58 ಅಡಿಯ ಬಂಡೆಯ ಮೇಲೆ ಎರೆದ ಹಾಲು ಹರಡಿ, ಬಿಸಿಲಿಗೆ ಆರಿ ನಡುವಿನಲ್ಲೇ ನಿಂತಿತು. ಕಲ್ಲು ಚೆನ್ನಾಗಿ ತೊಯ್ದ ಮೇಲೆ ಕೊನೆಯಲ್ಲಿ ಬಿದ್ದ ಅಜ್ಜಿಯ ಹಾಲು ಕೆಳಗಿಳಿಯಿತು ಎಂದು ಇವರು ಬಿಡಿಸಿ ತೋರಿಸುತ್ತಾರೆ. ಕೇಳುವವರು ತಲೆದೂಗುತ್ತಾರೆ. ಆದರೆ ಕಥೆಗೆ ಏನಾಯಿತೆಂಬುದನ್ನು ನೋಡಬೇಕು. ಹಾಲು ನಿಂತದ್ದು ಕಲ್ಲಿನ ಒಣತನದಿಂದಾದರೆ ಚಾವುಂಡರಾಯನ ಮಾನಕ್ಕೂ ಅದಕ್ಕೂ ಸಂಬಂಧವಿಲ್ಲ. ಕೊನೆಯಲ್ಲಿ ಎರೆದವರು ಯಾರಾಗಿದ್ದರೂ ಹಾಲು ಇಳಿಯುತ್ತಿದ್ದಿತು. ಅಜ್ಜಿ ಸರದಿಯಲ್ಲಿ ಕಡೆಯವಳು, ಅಷ್ಟೇ ಆಗುತ್ತಾಳೆ. ಅಲ್ಲದೆ ಈ ವಿವರಣೆಗೂ ಆಧಾರವಿಲ್ಲ. ಆ ದಿನದ ಬಿಸಿಲನ್ನು ಯಾರೂ ಬರೆದಿಟ್ಟಿಲ್ಲ. ಮೊದಲನೆಯವರು ಇಲ್ಲದ ಶಾಸನವನ್ನು ತಂದರೆ ಇವರು ಇಲ್ಲದ ಬಿಸಿಲನ್ನು ತಂದರು. ಮಾರ್ದವದ ದಿನ ಅವರು ಹೇಳಿದ್ದು ಹಾಲಿನ ಭೌತಶಾಸ್ತ್ರ.

ಹಾಗಾದರೆ ಹೇಳುವುದು ಹೇಗೆ? ಕನ್ನಡದ ಅಜ್ಜಿಯರು ಇದಕ್ಕೆ ಒಂದು ಉಪಾಯವನ್ನು ಎಂದೋ ಕಂಡುಕೊಂಡಿದ್ದಾರೆ. ಮೊಮ್ಮಕ್ಕಳಿಗೆ ಅವರು “ಹಾಲು ಹರಿಯಿತು” ಎನ್ನುವುದಿಲ್ಲ, “ಹರಿಯಿತಂತೆ” ಎನ್ನುತ್ತಾರೆ. ಆ “ಅಂತೆ” ಕಥೆಯನ್ನು ಅಲ್ಲಗಳೆಯುವುದಿಲ್ಲ, ತಾನು ಕಂಡೆನೆಂದು ಸಾಧಿಸುವುದೂ ಇಲ್ಲ. ಹಿರಿಯರಿಂದ ಕೇಳಿದ್ದನ್ನು ಕೇಳಿದಂತೆ ದಾಟಿಸುತ್ತದೆ. ಸಭೆಯಲ್ಲಿ ಪ್ರತಿ ವಾಕ್ಯಕ್ಕೂ ಅಂತೆ ಸೇರಿಸಿದರೆ ಅದು ಹರಟೆಯಾಗಿ ಕೇಳಿಸುತ್ತದೆ. ಆದುದರಿಂದ ಆರಂಭದಲ್ಲಿ ಒಮ್ಮೆ ಸ್ಪಷ್ಟವಾಗಿ ಹೇಳಿದರೆ ಸಾಕು: ಇದು ಬೆಳ್ಗೊಳದ ಪರಂಪರೆ ಹೇಳುವ ಕಥೆ, ಹಾಲು ನಾಭಿಯಲ್ಲಿ ನಿಂತಿತೆಂದು ಕೆಲವರು, ತೊಡೆಯಲ್ಲಿ ನಿಂತಿತೆಂದು ಕೆಲವರು, ಅಜ್ಜಿಯ ರೂಪದಲ್ಲಿ ಬಂದವಳು ಕೂಷ್ಮಾಂಡಿನಿಯೆಂದು ಕೆಲವರು, ಪದ್ಮಾವತಿಯೆಂದು ಕೆಲವರು. ಅನಂತರ ಅಳುಕದೆ, ನಡುವೆ ತಡೆಯದೆ, ಕಥೆಯನ್ನು ಪೂರ್ತಿಯಾಗಿ ಹೇಳಬೇಕು. ಹಾಲು ಹರಿಯುವ ಘಳಿಗೆಯಲ್ಲಿ ಪ್ರವಚನಕಾರನು ನಕ್ಕರೆ ಅದು ಕೇಳುಗರಿಗೆ ತಿಳಿದುಬಿಡುತ್ತದೆ.

ಒಂದೆಡೆ ಮಾತ್ರ ಎಚ್ಚರ ಬೇಕು. ಬಾಹುಬಲಿಸ್ವಾಮಿ ಕೋಪಿಸಿಕೊಂಡು ಹಾಲನ್ನು ತಡೆದನು ಎಂಬ ಮಾತು ಸಲೀಸಾಗಿ ಬಾಯಿಗೆ ಬರುತ್ತದೆ. ಅದು ಅತಿಶಯೋಕ್ತಿಯಲ್ಲ, ಸಿದ್ಧಾಂತಕ್ಕೇ ವಿರುದ್ಧ. ವೀತರಾಗನಿಗೆ ಚಾವುಂಡರಾಯನ ಮೇಲೆ ಮುನಿಸೂ ಇಲ್ಲ, ಅಜ್ಜಿಯ ಮೇಲೆ ಒಲವೂ ಇಲ್ಲ. ಪರಂಪರೆಯೂ ಇಲ್ಲಿ ಜಾಗರೂಕವಾಗಿದೆ. ಪವಾಡವನ್ನು ಅದು ಯಕ್ಷಿಯ ಪಾಲಿಗೆ ಬಿಟ್ಟಿದೆ. ಜಿನನ ತಲೆಗೆ ಕಟ್ಟಿಲ್ಲ. ಹುಡುಗನ ಪ್ರಶ್ನೆಗಿಂತ ಸ್ವಾಮಿಗೇಕೆ ಸಿಟ್ಟು ಬಂತು ಎಂಬ ಮಗುವಿನ ಪ್ರಶ್ನೆಗೆ ಪ್ರವಚನಕಾರನು ಹೆಚ್ಚು ಸಿದ್ಧನಾಗಿರಬೇಕು.

ಪವಾಡವನ್ನು ಪ್ರಮಾಣವಾಗಿ ಬಳಸಲು ಹಿಂಜರಿಯುವುದು ಇಂದಿನ ವಿಜ್ಞಾನಕ್ಕೆ ಹೆದರಿ ಕಲಿತದ್ದೇನೂ ಅಲ್ಲ. ಸಮಂತಭದ್ರಾಚಾರ್ಯರು ಆಪ್ತಮೀಮಾಂಸೆಯನ್ನು ಆರಂಭಿಸುವುದೇ ಈ ಮಾತಿನಿಂದ. ದೇವತೆಗಳು ಬರುವುದು, ಆಕಾಶದಲ್ಲಿ ಸಂಚರಿಸುವುದು, ಚಾಮರ ಬೀಸುವುದು ಇವೆಲ್ಲ ಮಾಯಾವಿಗಳಲ್ಲಿಯೂ ಕಾಣುತ್ತವೆ, ಇವುಗಳಿಂದ ನೀನು ನಮಗೆ ಮಹಾಂತನಲ್ಲ ಎಂದು ಅವರು ಭಗವಂತನನ್ನೇ ಸಂಬೋಧಿಸಿ ಹೇಳುತ್ತಾರೆ. ವಚನವು ಯುಕ್ತಿಗೂ ಶಾಸ್ತ್ರಕ್ಕೂ ವಿರೋಧವಿಲ್ಲದೆ ನಿರ್ದೋಷವಾಗಿರುವುದನ್ನೇ ಅವರು ಆಪ್ತನ ಗುರುತಾಗಿ ಹಿಡಿಯುತ್ತಾರೆ. ದೇವಾಗಮನ ಸುಳ್ಳೆಂದು ಅವರು ಹೇಳಲಿಲ್ಲ ಎಂಬುದನ್ನು ಗಮನಿಸಬೇಕು. ಅದನ್ನು ಸಾಕ್ಷಿಪೀಠದಿಂದ ಇಳಿಸಿದರು, ಅಷ್ಟೇ. ಅದೇ ಆಚಾರ್ಯರ ಮಂತ್ರವಚನಕ್ಕೆ ಚಂದ್ರಪ್ರಭರು ಕಾಣಿಸಿಕೊಂಡರೆಂದು ಚಂದ್ರಗಿರಿಯ 1129ರ ಮಲ್ಲಿಷೇಣ ಪ್ರಶಸ್ತಿ ಹೊಗಳುತ್ತದೆ. ಪವಾಡಕ್ಕೆ ಮಣಿಯೆನೆಂದವರ ಹೆಸರಿಗೇ ಪವಾಡವೊಂದು ಅಂಟಿಕೊಂಡಿತು. ಪರಂಪರೆ ಎರಡನ್ನೂ ಉಳಿಸಿಕೊಂಡು ಬಂದಿದೆ.

ಇನ್ನೊಂದು ಬಸದಿಯಲ್ಲಿ, ಇನ್ನೊಂದು ವರ್ಷ, ವಯಸ್ಸಾದ ಶ್ರಾವಕರೊಬ್ಬರು ಇದೇ ಕಥೆಯನ್ನು ಹೇಳಿದರು. ಅಲ್ಲಿಯೂ ಅದೇ ಪ್ರಶ್ನೆ ಬಂದಿತು. ಅವರು ತಡೆದು ಹೇಳಿದರು: “ನಾನು ಕಂಡಿಲ್ಲ ಮಗೂ. ಆ ಕಾಲದ ಬರೆಹದಲ್ಲಿಯೂ ಇಲ್ಲ. ನಡೆಯಿತೆಂದು ನಿನ್ನಿಂದ ಒಪ್ಪಿಸಲಾರೆ, ನಡೆಯಲಿಲ್ಲವೆಂದು ನಿನಗೆ ಹೇಳಲೂ ಆರೆ. ಆದರೆ ವಿಂಧ್ಯಗಿರಿಗೆ ಹೋದಾಗ ಸುತ್ತಾಲಯದ ಹೊರಗೆ ತಿರುಗಿ ನೋಡು. ಗೊಮ್ಮಟನಿಗೆ ಎದುರಾಗಿ ಆ ಮುದುಕಿ ಕೈಯಲ್ಲಿ ಕಾಯಿ ಹಿಡಿದು ನಿಂತಿದ್ದಾಳೆ. ಅಷ್ಟು ದೊಡ್ಡ ಮೂರ್ತಿಯೆದುರು ಅಷ್ಟು ಚಿಕ್ಕವಳನ್ನು ನಿಲ್ಲಿಸಬೇಕೆಂದು ನಮ್ಮ ಹಿರಿಯರಿಗೆ ಏಕೆ ತೋರಿತು ಎಂಬುದನ್ನು ನೀನೇ ಯೋಚಿಸು.”

ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ ಗುಳ್ಳಕಾಯಿ ಎಷ್ಟು ದೊಡ್ಡದಿರುತ್ತದೆ ಎಂದು ಕೇಳಿದನು. ಮುಂದಿನ ಸಾಲಿನ ಮುದುಕಿಯೊಬ್ಬರು ಹಿಂದಕ್ಕೆ ತಿರುಗಿ, ಬೆರಳುಗಳನ್ನು ಬಟ್ಟಲಿನಂತೆ ಬಾಗಿಸಿ ತೋರಿಸಿದರು.