ಟೆಂಡರ್‌ಗೆ ಮೀಸಲಾತಿ ಇದೆ, ಬಿಲ್‌ಗೆ?

ಕೆಟಿಪಿಪಿ ಕಾಯ್ದೆಗೆ ತಿದ್ದುಪಡಿ ತಂದು ಸಣ್ಣ ಕಾಮಗಾರಿಗಳಲ್ಲಿ ಎಸ್‌ಸಿಗೆ ಶೇ 17.15, ಎಸ್‌ಟಿಗೆ ಶೇ 6.95 ಮೀಸಲಿಟ್ಟರು. 2023ರಲ್ಲಿ 50 ಲಕ್ಷದ ಮಿತಿ 1 ಕೋಟಿ ಆಯ್ತು. ಒಳ್ಳೇದೇ. ಆದ್ರೆ ಕೆಲಸ ಮುಗಿದ ಮೇಲೆ?

ದೊಡ್ಡಬಳ್ಳಾಪುರ ಕಡೆಯ ನಮ್ಮ ಹುಡುಗನೊಬ್ಬ 40 ಲಕ್ಷದ ಸಿಸಿ ರಸ್ತೆ ಮುಗಿಸಿ ವರ್ಷ ಆಯ್ತು. ಕೈಗೆ ಬಂದಿದ್ದು 32 ಲಕ್ಷ. ಬಾಕಿ 8 ಲಕ್ಷದಲ್ಲಿ 6 ಲಕ್ಷ ಫೈನಲ್ ಬಿಲ್, 2 ಲಕ್ಷ ಶೇ 5ರಂತೆ ಹಿಡಿದಿಟ್ಟ ಠೇವಣಿ. ಆ 8 ಲಕ್ಷವನ್ನ ಅವನು ತಿಂಗಳಿಗೆ ನೂರಕ್ಕೆ 2 ರೂಪಾಯಿ ಬಡ್ಡಿಗೆ ತಂದಿದ್ದ. ವರ್ಷಕ್ಕೆ ಬಡ್ಡಿಯೇ 1.92 ಲಕ್ಷ. ಠೇವಣಿ ವಾಪಸ್ ಬಂದ್ರೂ ಅದು ಸಾಲ ಕೊಟ್ಟವನಿಗೇ.

ಕಚೇರಿಯಲ್ಲಿ ಕೇಳಿದ್ರೆ "ಡಿಎಲ್‌ಪಿ ಮುಗೀಲಿ" ಅಂತಾರೆ. ದೋಷ ಹೊಣೆಗಾರಿಕೆ ಅವಧಿ ಮುಗಿಯೋವರೆಗೆ ಕಾಯಬೇಕಾದದ್ದು ಠೇವಣಿ ಮಾತ್ರ. ಫೈನಲ್ ಬಿಲ್‌ಗೆ ಬೇಕಾದದ್ದು ಎಂಬಿಯಲ್ಲಿ ಬರೆದ ಅಂತಿಮ ಅಳತೆ, ಕೆಲಸ ಮುಗಿದ ಪ್ರಮಾಣಪತ್ರ. ಎರಡನ್ನೂ ಒಂದೇ ಅರ್ಜಿಯಲ್ಲಿ ಕೇಳಿದ್ರೆ ಎರಡೂ ನಿಲ್ತವೆ.

ಅದಕ್ಕೇ ಹೇಳೋದು, ಬೇರೆ ಬೇರೆ ಅರ್ಜಿ ಕೊಡಿ. ಒಂದರಲ್ಲಿ ಎಂಬಿ ನಂಬರ್, ಪುಟ; ಇನ್ನೊಂದರಲ್ಲಿ ಡಿಎಲ್‌ಪಿ ಮುಗಿದ ದಿನ. ಸ್ವೀಕೃತಿ ಸೀಲ್ ಹಾಕಿಸಿಕೊಳ್ಳಿ. ಉತ್ತರ ಬರದಿದ್ರೆ ಕಡತ ಯಾರ ಟೇಬಲ್ ಮೇಲಿದೆ ಅಂತ ಆರ್‌ಟಿಐ ಹಾಕಿ.

ಇಲಾಖೆಗಳಿಗೆ ನನ್ನ ಒತ್ತಾಯ ಒಂದೇ: ಬಾಕಿ ಬಿಲ್‌ಗಳ ಜ್ಯೇಷ್ಠತಾ ಪಟ್ಟಿಯನ್ನ ಕಚೇರಿ ಗೋಡೆಗೆ ಅಂಟಿಸಿ. ಬಂಡವಾಳ ಇಲ್ಲದವನಿಗೆ ಕೆಲಸ ಕೊಟ್ಟು ದುಡ್ಡು ತಡೆದ್ರೆ, ಮುಂದಿನ ಟೆಂಡರ್‌ಗೆ ಅವನು ಬರೋದೇ ಇಲ್ಲ.

ಜೈ ಭೀಮ್.