ಸಲಹೆಗಾರರಿಗೆ ಬರೆಯುವ ಮೊದಲ ಪತ್ರ



ಬಾಗಲೂರಿನ ಸುತ್ತಲಿನ ಗುಲಾಬಿ ತೋಟಗಳಲ್ಲಿ ಫೆಬ್ರವರಿ 14ರ ಹೂವು ಕೊಯ್ದು ಪೆಟ್ಟಿಗೆ ತುಂಬಿ ಕಳುಹಿಸುವ ತನಕ ನಮ್ಮ ಮನೆಗಳಲ್ಲಿ ಬೇರೆ ಮಾತಿಗೆ ಬಿಡುವಿರುವುದಿಲ್ಲ. ಆ ಗಡಿಬಿಡಿ ಕಳೆದ ಮೇಲೆ ಪ್ರತಿ ವರ್ಷವೂ ಒಂದೇ ಪ್ರಶ್ನೆ ಏಳುತ್ತದೆ: ಕೂಲಿಯಲ್ಲಿ ಹಿಡಿದ ಪಿ.ಎಫ್. ಹಣ ಎಲ್ಲಿ ಹೋಗಿದೆ? ಗುತ್ತಿಗೆದಾರರು ಬದಲಾದಂತೆ ಒಬ್ಬೊಬ್ಬರಿಗೆ ಮೂರು ನಾಲ್ಕು ಖಾತೆಗಳಾಗಿವೆ. ಒಂದರಲ್ಲಿ ದೀಕ್ಷಾಸ್ನಾನದ ಹೆಸರು, ಇನ್ನೊಂದರಲ್ಲಿ ಮನೆಯಲ್ಲಿ ಕರೆಯುವ ಹೆಸರು, ಆಧಾರಿನಲ್ಲಿ ಮೂರನೆಯದು. ಇದನ್ನು ಬಿಡಿಸಿಕೊಡಬಲ್ಲ ಸಲಹೆಗಾರರು ಹೊಸೂರಿನಲ್ಲೂ ಬೆಂಗಳೂರಿನಲ್ಲೂ ಇದ್ದಾರೆ. ಅವರನ್ನು ಕಾಣಲು ಒಂದು ದಿನದ ಕೂಲಿ ಕಳೆದುಕೊಳ್ಳಬೇಕಾಗಿಲ್ಲ. ಮನೆಯ ಹುಡುಗ ಮೊಬೈಲಿನಿಂದ ಇ-ಮೇಲ್ ಬರೆದರೂ ಸಾಕು. ಆದರೆ ಆ ಇ-ಮೇಲಿನಲ್ಲಿ ಏನು ಬರೆಯುತ್ತೇವೆ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ನಾವು ಇದನ್ನು ಪೆಟ್ಟು ತಿಂದು ಕಲಿತೆವು. ಕೆಲವು ವರ್ಷಗಳ ಹಿಂದೆ ನಮ್ಮಲ್ಲಿ ಕೆಲವರು ಸೇರಿ ಒಬ್ಬ ಸಲಹೆಗಾರರಿಗೆ “ನಮ್ಮ ಪಿ.ಎಫ್. ದಾಖಲೆಗಳನ್ನು ದಯವಿಟ್ಟು ನೋಡಿಕೊಡಬೇಕು” ಎಂದು ಎರಡು ಸಾಲು ಬರೆದೆವು. ಅವರು 6,000 ರೂಪಾಯಿ ಕೇಳಿದರು, ಕೊಟ್ಟೆವು. ಎರಡು ತಿಂಗಳಾದ ಮೇಲೆ ಇಂಗ್ಲಿಷಿನಲ್ಲಿ ಎರಡು ಪುಟ ಬಂತು. ದಾಖಲೆಗಳಲ್ಲಿ ಅಲ್ಲಲ್ಲಿ ಕೊರತೆಗಳಿವೆ, ಸಂಬಂಧಪಟ್ಟವರು ಸರಿಪಡಿಸಿಕೊಳ್ಳಬೇಕು ಎಂಬುದೇ ಅದರ ಸಾರ. ಯಾರ ಖಾತೆ, ಯಾವ ತಿಂಗಳು, ಎಷ್ಟು ಹಣ, ಒಂದೂ ಇಲ್ಲ. ಸಿಟ್ಟು ಬಂತು, ನಿಜ. ಆದರೆ ಆ ಮನುಷ್ಯ ಮೋಸ ಮಾಡಲಿಲ್ಲ. ನೋಡಿಕೊಡಿ ಎಂದೆವು, ನೋಡಿಕೊಟ್ಟರು.

ಈ ಸಲ ಹದಿನೆಂಟು ಕುಟುಂಬಗಳು ಕೂಡಿ ಬೇರೊಬ್ಬರಿಗೆ ಬರೆದಾಗ, ಮೊದಲು ನಾವೇ ಕುಳಿತು ಕೆಲಸಕ್ಕೆ ಬೇಲಿ ಹಾಕಿದೆವು. ಕೆಲಸ ಎಲ್ಲಿ ಮೊದಲಾಗುತ್ತದೆ, ಎಲ್ಲಿ ಮುಗಿಯುತ್ತದೆ? ಪತ್ರದ ಆ ಭಾಗ ಹೀಗಿತ್ತು:

“ಮಾನ್ಯರೇ, ಇದರೊಂದಿಗಿರುವ ಪಟ್ಟಿಯ 18 ಜನರ ಪಿ.ಎಫ್. ಪಾಸ್‌ಬುಕ್ಕುಗಳನ್ನು ಅವರವರ ಸಂಬಳ ಚೀಟಿಗಳೊಂದಿಗೆ ತಿಂಗಳುವಾರು ಹೋಲಿಸಿ ನೋಡಬೇಕು. 2016ರ ಏಪ್ರಿಲ್‌ನಿಂದ ಈಚೆಗಿನ ತಿಂಗಳುಗಳು ಮಾತ್ರ. ಚೀಟಿ ಇಲ್ಲದ ತಿಂಗಳಿಗೆ ಊಹೆ ಬರೆಯದೆ ‘ಆಧಾರವಿಲ್ಲ’ ಎಂದು ಬರೆಯಬೇಕು. ಪಿ.ಎಫ್. ಕಚೇರಿಗೆ ದೂರು ಕೊಡುವುದು, ಹಣ ಹಿಂಪಡೆಯುವ ಅರ್ಜಿ ಹಾಕುವುದು, ತೋಟದ ಮಾಲೀಕರೊಂದಿಗೆ ಮಾತಾಡುವುದು ಈ ಕೆಲಸಕ್ಕೆ ಸೇರಿಲ್ಲ.”

ಕೊನೆಯ ವಾಕ್ಯ ಏಕೆ ಎಂದು ಒಬ್ಬ ತಾಯಿ ಕೇಳಿದರು. ದೂರು ಕೊಡುವುದು ನಮ್ಮ ಹಕ್ಕು, ಅದಕ್ಕೆ ಖರ್ಚೂ ಇಲ್ಲ, ಪಿ.ಎಫ್. ಸಂಸ್ಥೆಯ ದೂರು ವ್ಯವಸ್ಥೆಯಲ್ಲಿ ಅದನ್ನು ಯಾರಾದರೂ ದಾಖಲಿಸಬಹುದು. ಪುಕ್ಕಟೆ ಆಗುವುದಕ್ಕೆ ಫೀಸು ಏಕೆ ಕೊಡಬೇಕು? ಅದಲ್ಲದೆ, ನಮ್ಮ ಪರವಾಗಿ ಬೇರೆಯವರು ಹೋಗಿ ಮಾಲೀಕರೊಡನೆ ಮಾತಾಡಿದರೆ ಏನು ಒಪ್ಪಿಕೊಂಡು ಬರುತ್ತಾರೋ ಬಲ್ಲವರಾರು.

ಬೇಲಿ ಹಾಕಿದ್ದರ ಗುಣ ಬೇಗನೆ ಕಂಡಿತು. ಕೆಲಸ ಅರ್ಧ ಆದಾಗ ಒಬ್ಬರು “ನಮ್ಮ ಸೊಸೆಯದು ಇ.ಎಸ್.ಐ. ತೊಂದರೆ ಇದೆ, ಅದನ್ನೂ ಒಂದು ಮಾತು ಕೇಳಿ” ಎಂದರು. ಸಲಹೆಗಾರರು ಪತ್ರ ತೋರಿಸಿ, ಅದು ಬೇರೆ ಕೆಲಸ, ಬೇಕಾದರೆ ಬೇರೆ ಫೀಸಿಗೆ ಇ-ಮೇಲ್ ಬರೆಯಿರಿ ಎಂದರು. ಮುನಿಸಾಯಿತು, ಆದರೆ ನ್ಯಾಯ ಅವರ ಕಡೆಗಿತ್ತು.

ಇನ್ನು ನಮ್ಮ ಕೈಗೆ ಏನು ಬರಬೇಕು? ಹಿಂದಿನ ಸಲ ಕೆಟ್ಟದ್ದು ಇಲ್ಲಿಯೇ. ಈ ಸಲ ಒಬ್ಬೊಬ್ಬರಿಗೆ ಒಂದೊಂದು ಹಾಳೆ, ಕನ್ನಡದಲ್ಲಿ, ಎಂದು ಬರೆದೆವು. ನಾವಿರುವುದು ತಮಿಳುನಾಡಿನಲ್ಲಿ, ಕಚೇರಿಯ ಕಾಗದ ತಮಿಳು ಇಲ್ಲವೆ ಇಂಗ್ಲಿಷ್, ಮನೆಯಲ್ಲಿ ಓದುವವರು ಕನ್ನಡದವರು. ಭಾಷೆಯನ್ನು ಹೆಸರಿಸದಿದ್ದರೆ ಬಂದ ಹಾಳೆಯನ್ನು ಓದಿಸಲು ಮತ್ತೊಬ್ಬರ ಬಾಗಿಲಿಗೆ ಹೋಗಬೇಕು. ಹಾಳೆಯಲ್ಲಿ ಇರಬೇಕಾದದ್ದನ್ನೂ ಹೇಳಿದೆವು: ಎಲ್ಲ ಖಾತೆಗಳೂ ಒಂದೇ ಯು.ಎ.ಎನ್. ಸಂಖ್ಯೆಯಡಿ ಸೇರಿವೆಯೇ, ಪ್ರತಿ ಗುತ್ತಿಗೆದಾರರ ಬಳಿ ಸೇರಿದ ಮತ್ತು ಬಿಟ್ಟ ದಿನ, ಹಣ ಹಿಡಿದೂ ಕಟ್ಟದ ತಿಂಗಳುಗಳು, ಹೆಸರು ಮತ್ತು ಹುಟ್ಟಿದ ದಿನದ ವ್ಯತ್ಯಾಸ, ಮತ್ತು ಪಿಂಚಣಿಗೆ ಎಣಿಕೆಯಾಗುವ ಒಟ್ಟು ಸೇವೆ. ಈ ಕೊನೆಯದು ದೊಡ್ಡದು. ತಿಂಗಳ ಪಿಂಚಣಿಗೆ ಹತ್ತು ವರ್ಷದ ಸೇವೆ ಬೇಕು. ಹಳೆಯ ಖಾತೆಗಳು ಸೇರದೆ ಬಿಡಿಬಿಡಿಯಾಗಿದ್ದರೆ ಹನ್ನೆರಡು ವರ್ಷ ದುಡಿದವರ ಲೆಕ್ಕವೂ ನಾಲ್ಕು ವರ್ಷ, ಮೂರು ವರ್ಷ ಎಂದು ಚೂರಾಗಿ ನಿಲ್ಲುತ್ತದೆ.

ಬಂದ ಹಾಳೆ ಸರಿಯಿದೆಯೇ ಎಂದು ತಿಳಿಯುವುದು ಹೇಗೆ? ಒಂದು ತಿಂಗಳನ್ನು ನಾವೇ ಲೆಕ್ಕ ಹಾಕಿದೆವು. ಪಿ.ಎಫ್. ಲೆಕ್ಕದ ಸಂಬಳ 12,000 ಇದ್ದರೆ ನಮ್ಮ ಪಾಲು ನೂರಕ್ಕೆ 12, ಅಂದರೆ 1,440 ರೂಪಾಯಿ. ಕೆಲಸ ಕೊಟ್ಟವರೂ ಅಷ್ಟೇ ಕಟ್ಟಬೇಕು, ಆದರೆ ಅವರದು ಎರಡಾಗಿ ಒಡೆಯುತ್ತದೆ: ನೂರಕ್ಕೆ 8.33ರಂತೆ ಸುಮಾರು 1,000 ಪಿಂಚಣಿ ನಿಧಿಗೆ, ಉಳಿದ 440 ನಮ್ಮ ಖಾತೆಗೆ. ಇದು ತಿಳಿಯದೆ “ಅವರು 440 ಮಾತ್ರ ಕಟ್ಟಿದ್ದಾರೆ” ಎಂದು ಜಗಳಕ್ಕೆ ನಿಂತವರು ನಮ್ಮಲ್ಲೇ ಇದ್ದಾರೆ. ಹಾಗೆಯೇ ಈ ತಿಂಗಳ ಹಣವನ್ನು ಮುಂದಿನ ತಿಂಗಳ 15ರೊಳಗೆ ಕಟ್ಟಿದರೆ ಸಾಕು. ಆದ್ದರಿಂದ ತೀರ ಈಚಿನ ತಿಂಗಳು ಪಾಸ್‌ಬುಕ್ಕಿನಲ್ಲಿ ಖಾಲಿ ಇದ್ದರೆ ಅದನ್ನು ಕೊರತೆ ಎಂದು ಬರೆಯುವ ಸಲಹೆಗಾರರ ಮೇಲೆ ಸ್ವಲ್ಪ ಸಂದೇಹ ಇಟ್ಟುಕೊಳ್ಳಬಹುದು.

ಫೀಸಿನ ಮಾತು. ತಲೆಗೆ 300 ರೂಪಾಯಿಯಂತೆ 18 ಜನರಿಗೆ 5,400 ಎಂದು ಗೊತ್ತಾಯಿತು. ಮೂರು ಕಂತು, ಕಂತಿಗೆ 1,800. ಮೊದಲನೆಯದು ಒಪ್ಪಿಗೆಯ ದಿನ. ಎರಡನೆಯದು ಮೊದಲ ಮೂರು ಹಾಳೆಗಳನ್ನು ಮಾದರಿಯಾಗಿ ಕಳುಹಿಸಿ ನಾವು ಸರಿ ಎಂದ ಮೇಲೆ. ಕೊನೆಯದು ಹದಿನೆಂಟೂ ಬಂದು, ನಾವು ತೋರಿಸಿದ ತಪ್ಪುಗಳನ್ನು ಒಂದು ಸಲ ತಿದ್ದಿಕೊಟ್ಟ ಮೇಲೆ. ಗಡುವು 21 ದಿನ. ಅದು ಯಾವತ್ತಿನಿಂದ ಎಂಬುದನ್ನೂ ಬರೆದೆವು: ನಮ್ಮ ಕೊನೆಯ ಕಾಗದ ಅವರಿಗೆ ತಲುಪಿದ ದಿನದಿಂದ. ನಮ್ಮವರೇ ಚೀಟಿ ಹುಡುಕಲು ತಿಂಗಳು ಮಾಡಿ ಅವರನ್ನು ದೂರಿದರೆ ಆಗದು. ಹಣವೆಲ್ಲ ಅವರ ಹೆಸರಿನ ಬ್ಯಾಂಕ್ ಖಾತೆಗೆ, ರಸೀದಿ ಇ-ಮೇಲಿನಲ್ಲಿ.

ಮೊದಲು ಅವರು ಬೇರೆ ದಾರಿ ಸೂಚಿಸಿದ್ದರು: ಈಗ ಏನೂ ಬೇಡ, ಬಂದ ಹಣದಲ್ಲಿ ನೂರಕ್ಕೆ ಹತ್ತು ಕೊಡಿ. ಕೈಯಲ್ಲಿ ಕಾಸಿಲ್ಲದವರಿಗೆ ಸಿಹಿಯಾದ ಮಾತೇ. ಆದರೆ ಹತ್ತು ವರ್ಷ ಕೂಡಿದ 80,000 ರೂಪಾಯಿ ಯಾರ ಪಾಸ್‌ಬುಕ್ಕಿನಲ್ಲಾದರೂ ಸರಿಯಾಗಿಯೇ ಇದ್ದು, ಹೆಸರಿನ ಒಂದು ಅಕ್ಷರಕ್ಕೆ ಮಾತ್ರ ನಿಂತಿದ್ದರೆ, ಆ ಅಕ್ಷರ ತಿದ್ದಿದ್ದಕ್ಕೆ 8,000 ಹೋಗುತ್ತದೆ. ವಕೀಲರು ಗೆಲುವಿನ ಮೇಲೆ ಪಾಲು ಕೇಳಬಾರದೆಂದು ಬಾರ್ ಕೌನ್ಸಿಲಿನ ನಿಯಮವೇ ಇದೆ. ಚಾರ್ಟರ್ಡ್ ಅಕೌಂಟೆಂಟರಿಗೂ ಕೆಲವು ವಿನಾಯಿತಿ ಬಿಟ್ಟರೆ ಅಂಥದೇ ತಡೆಯಿದೆ. ಸ್ವಂತವಾಗಿ ಸಲಹೆ ಕೊಡುವವರಿಗೆ ಅಂಥ ಕಟ್ಟಿಲ್ಲದಿರುವುದರಿಂದ ಆ ಕಟ್ಟನ್ನು ನಾವೇ ಪತ್ರದಲ್ಲಿ ಹಾಕಬೇಕು.

ಗುಟ್ಟಿನ ವಿಷಯಕ್ಕೆ ನಾವು ಹೆಚ್ಚು ಹೊತ್ತು ಕುಳಿತೆವು. ಯಾರು ಲೆಕ್ಕ ಕೇಳುತ್ತಿದ್ದಾರೆ ಎಂಬ ಪಟ್ಟಿ ಮೇಸ್ತ್ರಿಯ ಕೈ ಸೇರಿದರೆ ಮರುದಿನ ಯಾರಿಗೆ ಕೆಲಸವಿಲ್ಲ ಎಂಬ ಪಟ್ಟಿಯೂ ಅದೇ ಆದೀತು. ಆದ್ದರಿಂದ ಮೊದಲ ಪ್ರಶ್ನೆಯಾಗಿ, ಈ ಭಾಗದ ಯಾವುದಾದರೂ ತೋಟಕ್ಕೆ ಇಲ್ಲವೆ ಗುತ್ತಿಗೆದಾರರಿಗೆ ನೀವು ಲೆಕ್ಕ ನೋಡುತ್ತೀರಾ ಎಂದು ಕೇಳಿ ಉತ್ತರ ಬರೆಸಿಕೊಂಡೆವು. ಇಲ್ಲ ಎಂದು ಉತ್ತರ ಬಂದ ಮೇಲೆಯೇ ಹೆಸರುಗಳ ಪಟ್ಟಿ ಹೋಯಿತು. ಹೆಸರು, ಸಂಬಳ, ಖಾತೆಯ ಮೊತ್ತ ಯಾರಿಗೂ ತಿಳಿಸಬಾರದು. ಒಂದು ಕುಟುಂಬದ ಹಾಳೆ ಇನ್ನೊಂದು ಕುಟುಂಬಕ್ಕೂ ಹೋಗಬಾರದು. ಕೆಲಸ ಮುಗಿದ 30 ದಿನದಲ್ಲಿ ನಮ್ಮ ಕಾಗದಗಳನ್ನು ಅಳಿಸಿ, ಅಳಿಸಿದ್ದೇನೆಂದು ಬರೆಯಬೇಕು. ನಮ್ಮವರನ್ನು ಬಿಡಿಬಿಡಿಯಾಗಿ ಕರೆದು ಸಾಲ, ವಿಮೆ ಎಂದು ಹೇಳಬಾರದು. ಕಾನೂನಿನಂತೆ ಅಧಿಕಾರಿಗಳು ಕೇಳಿದರೆ ಕೊಡಬಹುದು, ಆದರೆ ನಮಗೆ ತಿಳಿಸಬೇಕು. ಅವರು ಮರಳಿ ಒಂದು ಷರತ್ತು ಹಾಕಿದರು: ವರದಿಯನ್ನು ನಾವೂ ಯಾರಿಗೂ ತೋರಿಸಬಾರದು. ಅದಕ್ಕೆ ಒಪ್ಪಲಿಲ್ಲ. ಹಾಳೆ ಯಾರದೋ ಅವರು ಅದನ್ನು ಪಿ.ಎಫ್. ಕಚೇರಿಗೆ, ಸಂಘಕ್ಕೆ, ವಕೀಲರಿಗೆ ತೋರಿಸಲೇಬೇಕಲ್ಲವೇ?

ಗುಟ್ಟು ಕಾಯುವುದು ಅವರೊಬ್ಬರ ಕೆಲಸವಲ್ಲ. ಪಾಸ್‌ಬುಕ್ಕಿನ ಪಾಸ್‌ವರ್ಡ್ ಕೊಡಬೇಡಿ. ಪಾಸ್‌ಬುಕ್ಕನ್ನೇ ಇಳಿಸಿಕೊಂಡು ಅದರ ಪ್ರತಿ ಕಳುಹಿಸಿ. ಆಧಾರ್ ಬೇಕೆಂದರೆ ಮೊದಲ ಎಂಟು ಅಂಕಿ ಮುಚ್ಚಿದ ಪ್ರತಿಯನ್ನು ಕೊಡಿ, ಆಧಾರಿನ ವೆಬ್‌ಸೈಟಿನಲ್ಲಿ ಅದು ಸಿಗುತ್ತದೆ. ಮೊಬೈಲಿಗೆ ಬರುವ ಓ.ಟಿ.ಪಿ.ಯನ್ನು ಯಾರಿಗೂ ಹೇಳಬೇಡಿ. ಲೆಕ್ಕ ಹೋಲಿಸಿ ನೋಡುವ ಕೆಲಸಕ್ಕೆ ಓ.ಟಿ.ಪಿ. ಬೇಕಾಗುವುದೇ ಇಲ್ಲ, ಕೇಳಿದರೆ ಅವರು ಬೇರೆ ಏನೋ ಮಾಡುತ್ತಿದ್ದಾರೆ.

ಸಹಿ ಇಲ್ಲದ ಇ-ಮೇಲಿಗೆ ಬೆಲೆ ಉಂಟೇ ಎಂದು ಹಿರಿಯರು ಕೇಳುತ್ತಾರೆ. ಉಂಟು. ಟ್ರೈಮೆಕ್ಸ್ ಎಂಬ ಕಂಪನಿಗೂ ವೇದಾಂತ ಅಲ್ಯುಮಿನಿಯಂ ಕಂಪನಿಗೂ ಬಾಕ್ಸೈಟ್ ಅದಿರಿನ ಬಗ್ಗೆ ವ್ಯಾಜ್ಯ ನಡೆದಿತ್ತು. ಸಹಿಯಾದ ಕರಾರು ಇರಲಿಲ್ಲ. 2007ರ ಅಕ್ಟೋಬರಿನ ಇ-ಮೇಲುಗಳಿದ್ದವು. ಅವುಗಳಲ್ಲೇ ಒಪ್ಪಂದ ಪೂರ್ಣವಾಗಿದೆ ಎಂದು ಸುಪ್ರೀಂ ಕೋರ್ಟು 2010ರಲ್ಲಿ ಹೇಳಿತು. ಆದರೆ 1872ರ ಕರಾರು ಕಾಯಿದೆಯಂತೆ ಒಪ್ಪಿಗೆ ಷರತ್ತಿಲ್ಲದೆ ಇರಬೇಕು. “ಆಗಲಿ, ಆದರೆ ಫೀಸು ಆಮೇಲೆ ನೋಡೋಣ” ಎಂಬುದು ಒಪ್ಪಿಗೆಯಲ್ಲ. ಅದಕ್ಕೇ ನಮ್ಮ ಪತ್ರದ ಕೊನೆಗೆ, “ಮೇಲಿನದೆಲ್ಲ ಒಪ್ಪಿಗೆಯಾದರೆ ಈ ಪತ್ರಕ್ಕೇ ಉತ್ತರವಾಗಿ ‘ಒಪ್ಪಿದ್ದೇನೆ’ ಎಂದು ಬರೆಯಿರಿ, ಬದಲಾವಣೆ ಬೇಕಾದರೆ ಅದನ್ನು ಬರೆಯಿರಿ, ನಾವು ಒಪ್ಪಿದ ಮೇಲೆ ಕೆಲಸ ಮೊದಲಾಗಲಿ” ಎಂದು ಸೇರಿಸಿದೆವು. ಫೋನಿನಲ್ಲಿ ಆದ ಮಾತನ್ನು ಅಂದೇ ಸಂಜೆ ಅದೇ ಸರಣಿಯಲ್ಲಿ ಬರೆದು ಹಾಕಿದೆವು. ಪತ್ರ ಬರೆಯುವ ಹುಡುಗ ಊರು ಬಿಟ್ಟರೆ ಎಲ್ಲವೂ ಅವನ ಮೊಬೈಲಿನೊಂದಿಗೆ ಹೋಗದಂತೆ ಇನ್ನಿಬ್ಬರಿಗೂ ಪ್ರತಿ ಹೋಗುವಂತೆ ಮಾಡಿದ್ದೆವು. ಇಷ್ಟಾದರೂ 5,400 ರೂಪಾಯಿಗೆ ಯಾರೂ ಕೋರ್ಟಿಗೆ ಅಲೆಯುವುದಿಲ್ಲ. ನಮ್ಮನ್ನು ನಿಜವಾಗಿ ಕಾದದ್ದು ಕೈಯಲ್ಲಿ ಉಳಿಸಿಕೊಂಡ ಕಂತು.

ಮಾದರಿಯ ಮೂರು ಹಾಳೆಗಳು ಹನ್ನೊಂದನೆಯ ದಿನ ಬಂದವು. ಎರಡು ಸರಿಯಿದ್ದವು. ಮೂರನೆಯದರಲ್ಲಿ ಒಬ್ಬ ತಂಗಿಯ ಏಳು ತಿಂಗಳು ಕಟ್ಟಿಲ್ಲ ಎಂದಿತ್ತು. ಆಕೆ ಹೆರಿಗೆಗೆ ತವರಿಗೆ ಹೋಗಿದ್ದ ತಿಂಗಳುಗಳೂ ಅದರಲ್ಲಿ ಸೇರಿದ್ದವು. ಸಂಬಳವೇ ಇಲ್ಲದ ತಿಂಗಳನ್ನು ಬೇರೆ ಸಾಲಿನಲ್ಲಿ ತೋರಿಸಿರೆಂದು ಬರೆದೆವು, ತಿದ್ದಿ ಕಳುಹಿಸಿದರು. ಏಳರಲ್ಲಿ ನಾಲ್ಕು ಹೋಗಿ ಮೂರು ತಿಂಗಳ ಕೊರತೆ ಉಳಿಯಿತು. ಅದಕ್ಕೆ ಸಂಬಳ ಚೀಟಿಯೂ ಇತ್ತು. ಆ ಹಾಳೆ ಹಿಡಿದು ಆಕೆ ತಾನೇ ದೂರು ದಾಖಲಿಸಿದ್ದಾಳೆ. ಉಳಿದ ಹದಿನೈದು ಹಾಳೆಗಳೂ ಬಂದು ಈಗ ಮನೆಮನೆಯಲ್ಲಿವೆ.